ಕಡತದ ಹೆಸರು: ಯೂನಿಕೋಡ್ ನಾರ್ಮಲೈಸೇಶನ್ ತೊಡಕು

‘ದೇವದುರ್ಗ’ ಎಂಬ ಕಡತದ ಹೆಸರು ಎರಡು ಕಂಪ್ಯೂಟರುಗಳಲ್ಲಿ ಒಂದೇ ಬಗೆಯಾಗಿ ಕಂಡರೂ ಒಳಗೆ ಬೇರೆಯಾಗಿರಬಹುದು. ತೊಡಕು ಇರುವುದು ‘ದೇ’ಯಲ್ಲಿ. ಅದರ ಸ್ವರಚಿಹ್ನೆಯನ್ನು U+0CC7 ಎಂಬ ಒಂದೇ ಸಂಕೇತವಾಗಿ ಇಡಬಹುದು. U+0CC6, U+0CD5 ಎಂಬ ಜೋಡಿಯಾಗಿಯೂ ಬಿಡಿಸಬಹುದು. ಯುಟಿಎಫ್-8ರಲ್ಲಿ ಮೊದಲ ರೂಪ 24 ಬೈಟ್, ಎರಡನೆಯದು 27. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಬಿಡಿಸಿಯೇ ಉಳಿಸುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಬೈಟ್‌ಗಳನ್ನಷ್ಟೇ ಹೋಲಿಸುತ್ತದೆ. ಹೀಗಾಗಿ ಮ್ಯಾಕ್‌ನಿಂದ ಬಂದ ಕಡತ ಪಟ್ಟಿಯಲ್ಲಿ ಕಂಡರೂ ಹೆಸರು ಟೈಪಿಸಿದರೆ ಸಿಗದು. ಮಟಮಾರಿ, ಮಾನ್ವಿ, ರಾಯಚೂರು ಎಂಬ ಹೆಸರುಗಳಿಗೆ ಈ ಕಾಟವಿಲ್ಲ. ಬಿಡಿಸಬಲ್ಲ ಸ್ವರಚಿಹ್ನೆಗಳು ಈ, ಏ, ಐ, ಒ, ಓಗಳವು ಮಾತ್ರ. ಲಿನಕ್ಸ್‌ನಲ್ಲಿ ಹೆಸರುಗಳನ್ನು ಕೂಡಿದ ರೂಪಕ್ಕೆ ತರುವ ಆಜ್ಞೆ:

```
convmv -r -f utf8 -t utf8 --nfc --notest .
```

ಕಣ್ಣಿಗೆ ಕಾಣದ U+200C ಹೆಸರಿನಲ್ಲಿ ಸೇರಿದ್ದರೆ ಇದರಿಂದ ಹೋಗದು. ಅದನ್ನು ಬೇರೆಯಾಗಿಯೇ ತೆಗೆಯಬೇಕು.