ಡಿಸ್ಕ್ ಪ್ರವೇಶ ಸಮಯ

ಹಾರ್ಡ್ ಡಿಸ್ಕ್‌ನಿಂದ ದತ್ತಾಂಶ ಓದಲು ತಗಲುವ ಒಟ್ಟು ಕಾಲ. ಹೆಡ್ ಸರಿಯಾದ ಟ್ರ್ಯಾಕ್‌ಗೆ ಸರಿಯುವ ಸೀಕ್ ಸಮಯ, ಬೇಕಾದ ಸೆಕ್ಟರ್ ಹೆಡ್‌ನಡಿಗೆ ತಿರುಗಿ ಬರುವವರೆಗಿನ ಕಾಯುವಿಕೆ, ವರ್ಗಾವಣೆ ಸಮಯ ಇವುಗಳ ಮೊತ್ತ.

ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಸೆಕ್ಟರ್ ಹೆಡ್‌ನ ಹತ್ತಿರವೇ ಇರಬಹುದು, ಆಗತಾನೇ ದಾಟಿಹೋಗಿರಲೂಬಹುದು. ಆದ್ದರಿಂದ ಸರಾಸರಿ ಕಾಯುವಿಕೆ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್. ಇಲ್ಲಿ ಪೂರ್ತಿ ಸುತ್ತನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ. ಸರಾಸರಿ ಸೀಕ್ 9 ಮಿಲಿಸೆಕೆಂಡ್, ವರ್ಗಾವಣೆ ದರ ಸೆಕೆಂಡಿಗೆ 150 ಮೆಗಾಬೈಟ್ ಎಂದಿಟ್ಟುಕೊಂಡರೆ 4 ಕಿಲೋಬೈಟ್‌ನ ವರ್ಗಾವಣೆಗೆ ಹಿಡಿಯುವುದು ಬರೀ 0.03 ಮಿಲಿಸೆಕೆಂಡ್.

9 + 4.17 + 0.03 = 13.2 ಮಿಲಿಸೆಕೆಂಡ್

ಹಾಗಾಗಿ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಒಂದೊಂದಾಗಿ ಓದುವಾಗ ಈ ಡಿಸ್ಕ್ ಸೆಕೆಂಡಿಗೆ ಸುಮಾರು 75 ಓದುಗಳನ್ನಷ್ಟೇ ಮುಗಿಸುತ್ತದೆ.