ವೆಸ್ಟರ್ನ್ ಚಲನಚಿತ್ರ

ಬಹುಪಾಲು 19ನೇ ಶತಮಾನದ ಅಮೆರಿಕದ ಪಶ್ಚಿಮ ಗಡಿನಾಡಿನ ಕಥೆ ಹೇಳುವ ಸಿನಿಮಾ ಪ್ರಕಾರ. ಕುದುರೆ, ಟೋಪಿ, ಢಂ ಢಂ ಇಷ್ಟೇ ಎಂದು ಮೂಗು ಮುರಿಯುವವರು ಜಾನ್ ಫೋರ್ಡ್ ನಿರ್ದೇಶನದ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ (1962) ನೋಡಬೇಕು.

ಗುಂಡಿನ ಕಾಳಗ ಅಲ್ಲಿ ನೆಪ ಮಾತ್ರ. ನಿಜವಾದ ಜಗಳ ಶಿನ್‌ಬೋನ್ ಊರಿನ ಪ್ರದೇಶಕ್ಕೆ ರಾಜ್ಯದ ಸ್ಥಾನ ಸಿಗಬೇಕೇ ಎಂಬುದು. ಅದು ಬೇಡವೆನ್ನುವ ದನಗಾವಲಿನ ಒಡೆಯರ ಬಾಡಿಗೆ ಬಂಟ ವ್ಯಾಲೆನ್ಸ್. ಎದುರಿಗೆ ನಿಂತವನು ಊರವರಿಗೆ ಅಕ್ಷರ ಕಲಿಸುವ ವಕೀಲ ಸ್ಟೊಡರ್ಡ್.

ವ್ಯಾಲೆನ್ಸ್‌ನನ್ನು ಕೊಂದವನೆಂಬ ಖ್ಯಾತಿಯಿಂದಲೇ ಸ್ಟೊಡರ್ಡ್ ಗವರ್ನರ್, ಸೆನೆಟರ್ ಆಗುತ್ತಾನೆ. ಗುಂಡು ಹಾರಿಸಿದ್ದು ಮಾತ್ರ ಕತ್ತಲಲ್ಲಿ ನಿಂತಿದ್ದ ಟಾಮ್ ಡೋನಿಫನ್ ಎಂಬಾತ, ಅದೂ ಹೊಂಚುಹಾಕಿ! ಕಾನೂನಿನ ರಾಜ್ಯದ ಬುಡದಲ್ಲಿ ಒಂದು ಕೊಲೆ, ಒಂದು ಸುಳ್ಳು ಇವೆ. ವರ್ಷಗಳ ಬಳಿಕ ಸ್ಟೊಡರ್ಡನೇ ನಿಜ ಹೇಳಿದರೂ ಪತ್ರಿಕೆಯ ಸಂಪಾದಕ ಅದನ್ನು ಅಚ್ಚು ಹಾಕುವುದಿಲ್ಲ.