ಉದ್ದ ಕೀವರ್ಡ್ (ಯೂಟ್ಯೂಬ್)

ಯೂಟ್ಯೂಬ್‌ನಲ್ಲಿ ಜನ ಹುಡುಕಲು ಟೈಪ್ ಮಾಡುವ, ನಾಲ್ಕಾರು ಪದಗಳಷ್ಟು ಉದ್ದದ ಖಚಿತ ಮಾತಿಗೆ ಉದ್ದ ಕೀವರ್ಡ್ ಅಥವಾ ಲಾಂಗ್‌ಟೇಲ್ ಕೀವರ್ಡ್ ಎಂದು ಹೆಸರು. ‘ಲಾಂಗ್ ಟೇಲ್’ ಎಂಬ ಮಾತನ್ನು ಬಳಕೆಗೆ ತಂದದ್ದು ಕ್ರಿಸ್ ಆಂಡರ್ಸನ್ 2004ರಲ್ಲಿ ವೈರ್ಡ್ ಪತ್ರಿಕೆಗೆ ಬರೆದ ಲೇಖನ.

ತಾರಸಿ ತೋಟದ ಹೊಸ ಚಾನೆಲ್ ಒಂದಿದೆ, ಚಂದಾದಾರರು ನಲವತ್ತು ಮಂದಿ ಎಂದುಕೊಳ್ಳೋಣ. ‘ಮಲ್ಲಿಗೆ ಗಿಡ’ ಎಂದು ಹುಡುಕಿದವರು ಯಾವ ವಿಡಿಯೋವನ್ನು ಹೆಚ್ಚು ಹೊತ್ತು ನೋಡಿದರು ಎಂಬುದನ್ನೂ ಯೂಟ್ಯೂಬ್ ಲೆಕ್ಕಕ್ಕೆ ಹಿಡಿಯುತ್ತದೆ. ಹಳೆಯ ಚಾನೆಲ್‌ಗಳಿಗೆ ಆ ದಾಖಲೆ ಇದೆ, ಹೊಸಬರಿಗೆ ಇಲ್ಲ. ಆದರೆ ‘ಕುಂಡದ ಮಲ್ಲಿಗೆ ಗಿಡ ಮೊಗ್ಗು ಬಿಡುತ್ತಿಲ್ಲ’ ಎಂಬ ಹುಡುಕಾಟಕ್ಕೆ ಸರಿಯಾಗಿ ಹೊಂದುವ ವಿಡಿಯೋಗಳೇ ಕಡಿಮೆ. ಅಲ್ಲಿ ಹೊಸಬರಿಗೂ ಜಾಗ ಸಿಗುತ್ತದೆ.

ಇಂಥ ಮಾತು ಸಿಗುವುದು ಹುಡುಕು ಪಟ್ಟಿಯಲ್ಲೇ. ನಮ್ಮ ಹಳೆಯ ಹುಡುಕಾಟಗಳ ನೆರಳು ಬೀಳದಂತೆ ಬ್ರೌಸರ್‌ನ ಖಾಸಗಿ ಕಿಟಕಿ ತೆರೆದು, ಲಾಗಿನ್ ಆಗದೆ ‘ಮಲ್ಲಿಗೆ ಗಿಡ’ ಎಂದು ಟೈಪ್ ಮಾಡಿ ನಿಲ್ಲಿಸಬೇಕು. ಕೆಳಗೆ ಇಳಿಯುವ ಸಲಹೆಗಳನ್ನು ಬರೆದುಕೊಂಡು, ಮುಂದೆ ‘ಮ’, ‘ಹ’, ‘ಎ’ ಎಂದು ಒಂದೊಂದೇ ಅಕ್ಷರ ಸೇರಿಸುತ್ತ ಹೋಗಬೇಕು. ಬಳಿಕ `mallige gida` ಎಂದೂ ಟೈಪ್ ಮಾಡಿ ನೋಡಬೇಕು. ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುವವರು ಬಹಳ ಜನ. ಅವರಿಗೆ ಬರುವ ಸಲಹೆಗಳು ಬೇರೆಯೇ ಇರಬಹುದು. ಇದನ್ನು ಬಿಟ್ಟರೆ ಅಷ್ಟೂ ನೋಡುಗರನ್ನು ಕಳೆದುಕೊಂಡಂತೆ.

ಆಮೇಲೆ ಪೈಪೋಟಿಯ ಅಳತೆ. ಆ ಮಾತಿಗೆ ಬರುವ ಮೊದಲ ಹತ್ತು ವಿಡಿಯೋ ನೋಡಿ. ಮೊಗ್ಗಿನ ಪ್ರಶ್ನೆಗೆ ಗುಲಾಬಿಯ ವಿಡಿಯೋ, ತೆಲುಗು, ಹಿಂದಿ ವಿಡಿಯೋ ಬರುತ್ತಿದ್ದರೆ ಕನ್ನಡದಲ್ಲಿ ಆ ಜಾಗ ಖಾಲಿ ಇದೆ. ಪುಟ್ಟ ಚಾನೆಲ್ ಒಂದರ ವಿಡಿಯೋಗೆ ಅದರ ಚಂದಾದಾರರಿಗಿಂತ ಹಲವು ಪಟ್ಟು ವೀಕ್ಷಣೆ ಬಂದಿದ್ದರೆ ಬೇಡಿಕೆಯೂ ಇದೆ ಎಂದರ್ಥ. ಆದರೆ ಪೈಪೋಟಿ ಇಲ್ಲದ ಮಾತೆಲ್ಲ ಒಳ್ಳೆಯದಲ್ಲ. ಯಾವ ರೂಪದಲ್ಲಿ ಬರೆದರೂ ಸಲಹೆಯೇ ಬಾರದಿದ್ದರೆ ಅದನ್ನು ಹುಡುಕುವವರೇ ಇಲ್ಲದಿರುವ ಸಂಭವ ಹೆಚ್ಚು.

ಆರಿಸಿದ ಮಾತು ಶೀರ್ಷಿಕೆಯ ಆರಂಭದಲ್ಲೇ ಇರಲಿ. ಮಿತಿ 100 ಅಕ್ಷರವಾದರೂ ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರದ ರೂಪವನ್ನು ವಿವರಣೆಯ ಮೊದಲ ಸಾಲಿಗೆ ಸಹಜವಾಗಿ ಸೇರಿಸಬಹುದು. ಟ್ಯಾಗ್‌ಗಳಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ: ಅವುಗಳ ಪಾತ್ರ ತೀರ ಚಿಕ್ಕದು, ಕಾಗುಣಿತ ತಪ್ಪುವ ಪದಗಳಿಗಷ್ಟೇ ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ವಿಡಿಯೋ ಮಾತ್ರ ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಮೊಗ್ಗು ಬಿಡದ ಕಾರಣ ತಿಳಿಯಲು ಬಂದವರಿಗೆ ಮೊದಲ ನಿಮಿಷದಲ್ಲೇ ಬಿಸಿಲು ಸಾಲದ ಕುಂಡವನ್ನೋ ಸವರದೆ ಬಿಟ್ಟ ಕೊಂಬೆಯನ್ನೋ ತೋರಿಸದೆ ಮಲ್ಲಿಗೆಯ ಮಹಿಮೆ ಹೇಳುತ್ತ ಕೂತರೆ ಅವರು ಎದ್ದು ಹೋಗುತ್ತಾರೆ, ಸಿಕ್ಕ ಸ್ಥಾನವೂ ಜಾರುತ್ತದೆ.

28 ದಿನಗಳ ಬಳಿಕ ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ `YouTube search` ತೆರೆದರೆ ಜನ ಯಾವ ಪದ ಟೈಪ್ ಮಾಡಿ ಬಂದರು ಎಂಬುದು ಕಾಣುತ್ತದೆ. ನೀವು ಆರಿಸಿದ ಮಾತಿನ ಬದಲು `mallige gida hoo bidtilla` ಎಂದಿದ್ದರೆ, ಮುಂದಿನ ವಿಡಿಯೋಗೆ ಅದನ್ನೇ ಹಿಡಿಯಿರಿ.